ಹೆಗಲ ಮೇಲೆ ಹಸಿರು ಶಾಲು ಇದ್ದರೆ ಪರದೆ ನೀಲಿ ಇರಲಿ

ಮಂಡ್ಯದ ರೈತರ ಹಸಿರು ಶಾಲು, ಮದ್ದೂರಿನ ಎಳನೀರು, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ನಮ್ಮ ಜಿಲ್ಲೆಯ ಬಗ್ಗೆ ನಿರೂಪಕರ ವಿಡಿಯೋ ಮಾಡೋಣ ಅಂದ್ರೆ ಈ ಮೂರೂ ಬಂದೇ ಬರುತ್ತವೆ. ನಿರೂಪಕರು ಶಾಲು ಹೊದ್ದು, ಕೈಯಲ್ಲಿ ಎಳನೀರು ಹಿಡಿದು, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದ ಕಥೆ ಹೇಳ್ತಾರೆ. ಹಿಂದೆ ಗಗನಚುಕ್ಕಿ ಜಲಪಾತ ಇರಬೇಕು. ಇದನ್ನು ಹಸಿರು ಪರದೆ ಮುಂದೆ ತೆಗೆದರೆ ಏನಾಗುತ್ತೆ?

ಕೀಯಿಂಗ್ ಸಾಫ್ಟ್‌ವೇರ್ ನೋಡೋದು ಬಣ್ಣವನ್ನು ಮಾತ್ರ. ಪರದೆಯ ಜೊತೆ ಶಾಲೂ ಮಾಯವಾಗಿ, ಹೆಗಲಲ್ಲಿ ತೂತು ಬಿದ್ದು ಅಲ್ಲಿ ನೀರು ಹರಿಯುತ್ತೆ. ಶಾಲು ಉಳಿಸೋಕೆ ಅಳತೆ ಬಿಗಿ ಮಾಡಿದರೆ ಪರದೆಯ ಚೂರುಗಳು ಉಳಿದುಬಿಡುತ್ತವೆ. ಹಾಗಾಗಿ ಇಲ್ಲಿ ನೀಲಿ ಪರದೆಯೇ ಸರಿ. ಆಗ ನೀಲಿ ಜೀನ್ಸ್, ನೀಲಿ ಐಡಿ ಟ್ಯಾಗ್ ಬೇಡ. ಮಿರಮಿರ ಹೊಳೆಯುವ ರೇಷ್ಮೆಯೂ ಬೇಡ, ಪರದೆಯ ಬಣ್ಣ ಅದರಲ್ಲಿ ಪ್ರತಿಫಲಿಸುತ್ತೆ.

ನೀಲಿಗೆ ಒಂದು ಬೆಲೆ ಇದೆ. ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ ಹಸಿರು ಗ್ರಹಿಸುವ ಬಿಂದುಗಳು ನೀಲಿಯವಕ್ಕಿಂತ ಎರಡು ಪಟ್ಟು. ಬೆಳಕು ಕಮ್ಮಿಯಾದರೆ ನೀಲಿಯಲ್ಲಿ ಬೇಗ ನಾಯ್ಸ್ ಬಂದು ಕೂದಲಂಚು ಕುಣಿಯುತ್ತೆ. ಅದಕ್ಕೆ ಪರದೆಗೇ ಬೇರೆ ಎರಡು ಲೈಟು ಕೊಡಿ, ಎಡಕ್ಕೊಂದು ಬಲಕ್ಕೊಂದು. ಬಟ್ಟೆಯ ಸುಕ್ಕು ತೆಗೆದು ಬಿಗಿಯಾಗಿ ಕಟ್ಟಿ. ಒಂದು ಫೋಟೋ ತೆಗೆದು, ಮಧ್ಯದ ಮತ್ತು ನಾಲ್ಕು ಮೂಲೆಗಳ ಬಣ್ಣದ ಅಂಕಿಗಳನ್ನು ಎಡಿಟರ್‌ನಲ್ಲಿ ಹೋಲಿಸಿ. ಒಂದು ಮೂಲೆ ತೀರಾ ಕಪ್ಪಾಗಿದ್ದರೆ ಆ ಕಡೆಯ ಲೈಟು ಸರಿಸಿ.

ನಿರೂಪಕರು ಪರದೆಯಿಂದ ಸುಮಾರು ಆರು ಅಡಿ ಮುಂದೆ ನಿಲ್ಲಲಿ. ಹತ್ತಿರ ನಿಂತರೆ ಅವರ ನೆರಳು ಪರದೆ ಮೇಲೆ ಬೀಳುತ್ತೆ, ಪರದೆಯ ನೀಲಿ ಅವರ ಕೆನ್ನೆ, ಭುಜಕ್ಕೆ ಮೆತ್ತಿಕೊಳ್ಳುತ್ತೆ. ಅವರಿಗೆ ಬೇರೆ ಲೈಟು ಬೇಕು. ಜಲಪಾತದ ಚಿತ್ರದಲ್ಲಿ ಬಿಸಿಲು ಎಡದಿಂದ ಬಿದ್ದಿದ್ದರೆ ಮುಖದ ಲೈಟೂ ಎಡದಿಂದಲೇ ಇರಲಿ. ಇಲ್ಲದಿದ್ದರೆ ಕತ್ತರಿಸಿ ಅಂಟಿಸಿದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತೆ.

ಫ್ರೇಮು ಸೊಂಟದಿಂದ ಮೇಲಕ್ಕೆ ಸಾಕು, ಕಾಲಿನ ನೆರಳಿನ ತಲೆನೋವು ತಪ್ಪುತ್ತೆ. ಎಳನೀರು ಹಿಡಿದ ಕೈಯನ್ನು ಪೂರ್ತಿ ಚಾಚಿಸಿ ನೋಡಿ, ಅದು ಪರದೆಯ ಅಂಚು ದಾಟಬಾರದು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಶಟರ್ 1/50 ಇಡಿ, ಲೈಟು ಮಿನುಗೋದು ತಪ್ಪುತ್ತೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ.

ಮೊದಲು ಹತ್ತು ಸೆಕೆಂಡು ತೆಗೆದು ಅಲ್ಲೇ ಲ್ಯಾಪ್‌ಟಾಪಿನಲ್ಲಿ ಕೀ ಮಾಡಿ. ಹಿಂದಿನ ಚಿತ್ರದ ಬದಲು ಗಾಢ ಕೆಂಪು ಬಣ್ಣ ಹಾಕಿ ನೋಡಿ: ಕೂದಲಂಚಿನ ನೀಲಿ, ಶಾಲಿನೊಳಗಿನ ತೂತು ಎರಡೂ ಎದ್ದು ಕಾಣುತ್ತವೆ. ಜಲಪಾತದ ಬಿಳಿ ನೊರೆಯ ಮುಂದೆ ಅವು ಅಡಗಿಬಿಡಬಹುದು. ಕೆಂಪಿನ ಮೇಲೆ ಅಂಚು ಶುದ್ಧವಾಗಿದ್ದರೆ ಪೂರ್ತಿ ರೆಕಾರ್ಡಿಂಗ್ ಶುರು ಮಾಡಿ.