ತಪ್ಪು ಬೆಲೆಗೆ ಕ್ಷಮೆ ಕೇಳಿದರು, ಆರ್ಡರ್ ಏನಾಯಿತು?

‘ತಾಂತ್ರಿಕ ದೋಷದಿಂದ ಬೆಲೆ ತಪ್ಪಾಗಿ ನಮೂದಾಗಿತ್ತು, ಕ್ಷಮಿಸಿ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಆನ್‌ಲೈನ್ ಮಾರಾಟಗಾರ ಮುಖ್ಯವಾದ ಮಾತನ್ನೇ ನುಂಗಿಕೊಂಡಿರುತ್ತಾನೆ. ಗ್ರಾಹಕನಿಗೆ ತಿಳಿಯಬೇಕಾದದ್ದು ಅವನ ವಿಷಾದವಲ್ಲ, ಆಗಲೇ ಕೊಟ್ಟ ಆರ್ಡರಿನ ಗತಿ. ಕಾನೂನಿನ ಕಣ್ಣಿನಲ್ಲಿ ಜಾಲತಾಣದಲ್ಲಿ ಕಾಣುವ ಬೆಲೆ ಸಾಮಾನ್ಯವಾಗಿ ಕೊಳ್ಳಲು ಕೊಟ್ಟ ಕರೆ ಮಾತ್ರ. ಆರ್ಡರ್ ಗ್ರಾಹಕನ ಪ್ರಸ್ತಾವ. ಮಾರಾಟಗಾರ ಅದನ್ನು ಒಪ್ಪಿದಾಗಲೇ ಒಪ್ಪಂದ. ಆದ್ದರಿಂದ ಬಂದ ಸಂದೇಶವನ್ನು ಕಣ್ಣಿಟ್ಟು ಓದಬೇಕು. ‘ಆರ್ಡರ್ ತಲುಪಿದೆ’ ಎಂದಿದ್ದರೆ ಗ್ರಾಹಕನ ಹಿಡಿತ ಸಡಿಲ, ‘ಆರ್ಡರ್ ದೃಢಪಟ್ಟಿದೆ’ ಎಂದಿದ್ದರೆ ಬಿಗಿ. ಆಮೇಲೆ ತಪ್ಪಾಯಿತೆಂದರೆ ಸಾಲದು, ಏಕೆಂದರೆ ಒಬ್ಬನೇ ತಪ್ಪು ತಿಳಿದಿದ್ದ ಎಂದ ಮಾತ್ರಕ್ಕೆ ಒಪ್ಪಂದ ಮುರಿಯಲು ಬಾರದು ಎನ್ನುತ್ತದೆ 1872ರ ಕರಾರು ಕಾಯ್ದೆಯ 22ನೇ ಕಲಂ.

2014ರಲ್ಲಿ ಒಡಿಶಾದ ವಿದ್ಯಾರ್ಥಿಯೊಬ್ಬ 23,499 ರೂಪಾಯಿಯ ಲ್ಯಾಪ್‌ಟಾಪನ್ನು 190 ರೂಪಾಯಿಗೆ ಕಂಡು ಆರ್ಡರ್ ಮಾಡಿದ. ದೃಢೀಕರಣ ಬಂತು, ಹಿಂದೆಯೇ ರದ್ದತಿಯೂ ಬಂತು. ರಾಜ್ಯ ಗ್ರಾಹಕ ಆಯೋಗ ಕೊನೆಗೆ ಪರಿಹಾರ, ಖರ್ಚು ಎಲ್ಲ ಸೇರಿ 45,000 ರೂಪಾಯಿ ಕೊಡಿಸಿತು. ಹಾಗಾದರೆ ಒಂದು ಸೊನ್ನೆ ಬಿಟ್ಟುಹೋದದ್ದಕ್ಕೆ ವ್ಯಾಪಾರಿ ಮುಳುಗಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸಿಂಗಪುರದ ಒಂದು ತೀರ್ಪಿನಲ್ಲಿದೆ. 3,854 ಡಾಲರಿನ ಪ್ರಿಂಟರ್ 66 ಡಾಲರಿಗೆ ಕಂಡಾಗ ಆರು ಜನ ಸೇರಿ 1,606 ಪ್ರಿಂಟರ್ ಆರ್ಡರ್ ಮಾಡಿದರು, ದೃಢೀಕರಣವೂ ಬಂದಿತ್ತು. ಬೆಲೆ ತಪ್ಪೆಂದು ತಿಳಿದೇ ಬಾಚಿಕೊಳ್ಳಲು ಹೊರಟಿದ್ದರೆಂದು ನ್ಯಾಯಾಲಯ ಒಪ್ಪಂದವನ್ನೇ ಅನೂರ್ಜಿತಗೊಳಿಸಿತು. ಅಲ್ಲಿಯ ತೀರ್ಪಿನ ಕಟ್ಟುಪಾಡು ಇಲ್ಲಿಲ್ಲ, ಆದರೆ ಅದರ ತರ್ಕ ತೂಕದ್ದು: ಸ್ವಂತಕ್ಕೆ ಒಂದು ಕೊಂಡವನೂ ಮಾರಲು ನೂರು ಕೊಂಡವನೂ ಒಂದೇ ಅಲ್ಲ. ‘ಸರಕು ರವಾನೆಯಾಗುವವರೆಗೆ ಒಪ್ಪಂದವಿಲ್ಲ’ ಎಂಬ ಷರತ್ತನ್ನೂ ಮಾರಾಟಗಾರ ಮುಂದೆ ಹಿಡಿಯುತ್ತಾನೆ. ಅದು ಅವನಿಗೆ ಬಲವೇ. ಆದರೆ ಹಣ ಪಡೆದು, ದೃಢಪಟ್ಟಿದೆ ಎಂದು ಹೇಳಿ, ಆಮೇಲೆ ಮೂಲೆಯ ಷರತ್ತಿನ ಹಿಂದೆ ಅಡಗಿದರೆ ಅನುಚಿತ ವ್ಯಾಪಾರ ಪದ್ಧತಿಯ ಪ್ರಶ್ನೆ ಏಳುತ್ತದೆ.

ಹೀಗಾಗಿ ಒಳ್ಳೆಯ ಕ್ಷಮೆಯ ಪತ್ರ ಈ ರೀತಿ ಇರಬೇಕು: ‘2,499 ರೂಪಾಯಿಯ ಮಿಕ್ಸರ್ ಇಂದು ಹತ್ತರಿಂದ ಹನ್ನೆರಡರವರೆಗೆ 249 ಎಂದು ಕಂಡಿತು. ದೃಢೀಕರಿಸಿದ ಆರ್ಡರ್‌ಗಳನ್ನು, ಒಬ್ಬರಿಗೆ ಒಂದರಂತೆ, ಅದೇ ಬೆಲೆಗೆ ಕಳಿಸುತ್ತೇವೆ. ಉಳಿದವು ರದ್ದು, ಹಣ ಇಂಥ ದಿನದೊಳಗೆ ನಿಮ್ಮ ಖಾತೆಗೆ.’ ಮಾರಾಟಗಾರ ಇಷ್ಟು ಹೇಳದಿದ್ದರೆ ಪುಟದ, ದೃಢೀಕರಣದ, ರದ್ದತಿಯ ಚಿತ್ರಗಳನ್ನು ಉಳಿಸಿಕೊಂಡು ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯಲ್ಲಿ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಆಗದಿದ್ದರೆ 1915ಕ್ಕೆ ಕರೆ ಮಾಡಬಹುದು, ಎರಡು ವರ್ಷದೊಳಗೆ ನಿಮ್ಮ ಊರಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಅಲ್ಲಿ ತಪ್ಪು ಬೆಲೆಗೇ ವಸ್ತು ಸಿಗುತ್ತದೆಂದು ಮಾತ್ರ ಎಣಿಸಬೇಡಿ. ಒಡಿಶಾದವನಿಗೂ ಸಿಕ್ಕಿದ್ದು ಪರಿಹಾರ, ಲ್ಯಾಪ್‌ಟಾಪ್ ಅಲ್ಲ.