ನೋಟ್ಸಿನಿಂದ ಪದಕೋಶ

ಕಲೀನಾದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುವವರಿಗೊಂದು ಕಿವಿಮಾತು. ಸೆಮಿಸ್ಟರಿನ ನೋಟ್ಸಿನಿಂದ ಪಾರಿಭಾಷಿಕ ಪದಗಳನ್ನು ಹೆಕ್ಕುವಾಗ ಮೊದಲ ಓದಿಗೇ ಅರ್ಥ ಬರೆಯಬೇಡಿ. ಪದ, ಪಾಠದ ತಾರೀಖು, ಪುಟ ಇಷ್ಟೇ ಗುರುತು ಹಾಕಿಕೊಳ್ಳಿ. ಅರ್ಥ ಪಾಠದಿಂದ ಪಾಠಕ್ಕೆ ತುಂಬಿಕೊಳ್ಳುತ್ತದೆ. ಕಾವ್ಯಮೀಮಾಂಸೆಯ ‘ವಿಭಾವ’ ಮೊದಲ ದಿನ ‘ಭಾವಕ್ಕೆ ಕಾರಣ’ ಎಂದಷ್ಟೇ ಇರುತ್ತದೆ. ಆಲಂಬನ, ಉದ್ದೀಪನ ಬರುವುದು ಆಮೇಲೆ. ಎಲ್ಲ ಪುಟಗಳನ್ನೂ ಎದುರಿಗಿಟ್ಟುಕೊಂಡು ಹೀಗೆ ಬರೆಯಿರಿ: ‘ಸ್ಥಾಯಿಭಾವವನ್ನು ಎಬ್ಬಿಸುವ ಕಾರಣ. ದುಷ್ಯಂತನ ರತಿಗೆ ಶಕುಂತಲೆ ಆಲಂಬನ, ಮಾಲಿನೀತೀರದ ಬಳ್ಳಿಮಾಡ ಉದ್ದೀಪನ.’ ಇಲ್ಲಿ ಬಳಸಿದ ‘ಸ್ಥಾಯಿಭಾವ’ಕ್ಕೂ ಪಟ್ಟಿಯಲ್ಲಿ ಜಾಗವಿರಲಿ, ಇಲ್ಲದಿದ್ದರೆ ಈ ಅರ್ಥ ಅರ್ಧವೇ. ‘ಧ್ವನಿ’ಯನ್ನಂತೂ ಎರಡು ಸಲ, ವಿಷಯದ ಹೆಸರಿನೊಂದಿಗೆ ಬರೆಯಿರಿ: ಭಾಷಾವಿಜ್ಞಾನದಲ್ಲಿ ಅದು ಉಚ್ಚಾರದ ಶಬ್ದ, ಆನಂದವರ್ಧನನಲ್ಲಿ ಮಾತಿನಾಚೆಗೆ ಹೊಳೆಯುವ ಅರ್ಥ.