ತಲೆ ಆಡಿಸಿದರೆ ಸಾಲದು, ಬಾಯಿಯನ್ನೂ ಬಿಡು

ನೋಡಪ್ಪಾ, ಜರ್ಮನ್ ಕಂಪನಿಯ ಸಂದರ್ಶನಕ್ಕೆ ನೀನು ಉತ್ತರಗಳನ್ನೆಲ್ಲ ಚೆನ್ನಾಗಿಯೇ ತಯಾರು ಮಾಡಿಕೊಂಡಿದ್ದೀಯ. ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಉತ್ತರ ಕೊಡುವ ಹೊತ್ತಿಗೆ ನಿನ್ನ ತಲೆ, ಕಣ್ಣು, ದನಿ ಏನು ಹೇಳುತ್ತಿರುತ್ತವೆ ಅನ್ನುವುದರ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು.

ಮೊದಲು ತಲೆಯ ವಿಷಯ. ಪರದೆಯ ಆಚೆ ಕೂತ ಮ್ಯಾನೇಜರ್ ‘ಮುಂದಿನ ತಿಂಗಳ ಮೊದಲ ವಾರ ಸೇರಬಹುದೇ?’ ಎಂದು ಕೇಳುತ್ತಾರೆ ಅಂದುಕೋ. ನೀನು ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲಿಸುತ್ತೀಯ. ಹಾಸನದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅದು ‘ಆಯ್ತು ಸರ್’ ಅಂತಲೇ. ಆದರೆ ತಲೆ ಮೇಲೆ ಕೆಳಗೆ ಆಡಿದರೆ ಹೌದು, ಅಡ್ಡಡ್ಡ ಆಡಿದರೆ ಇಲ್ಲ ಎಂದು ಕಲಿತವರಿಗೆ ನಿನ್ನದು ಎರಡರ ನಡುವೆ ಎಲ್ಲೋ ಕಾಣುತ್ತದೆ. ‘ಇವನಿಗೆ ಇನ್ನೂ ಖಚಿತವಿಲ್ಲ’ ಎಂದು ಅವರು ಬರೆದುಕೊಂಡರೂ ಬರೆದುಕೊಂಡಾರು. ಇದನ್ನು ಅಲ್ಲೇ ಪತ್ತೆ ಹಚ್ಚಬಹುದು: ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಇನ್ನೊಮ್ಮೆ ಕೇಳಿದರೆ ನಿನ್ನ ಸನ್ನೆ ಅವರಿಗೆ ತಲುಪಿಲ್ಲ ಎಂದು ತಿಳಿ. ‘ನನ್ನ ಮೇಲೆ ಅವರಿಗೆ ನಂಬಿಕೆಯಿಲ್ಲ’ ಎಂದು ಕುಗ್ಗಬೇಡ. ತಲೆ ವಾಲಿಸುವುದನ್ನು ಬಿಡಬೇಕಾಗಿಯೂ ಇಲ್ಲ, ಬಿಡುತ್ತೇನೆ ಅಂದರೂ ಅದು ಬಿಡುವುದಿಲ್ಲ. ಅದರ ಜೊತೆಗೆ ‘ಯೆಸ್, ಮೊದಲ ವಾರವೇ ಸೇರುತ್ತೇನೆ’ ಎಂದು ಬಾಯಿಬಿಟ್ಟು ಹೇಳು.

ಕಣ್ಣಿನ ವಿಷಯ ಇದಕ್ಕಿಂತ ಸೂಕ್ಷ್ಮ. ಹಿರಿಯರ ಮುಖವನ್ನೇ ದಿಟ್ಟಿಸಬಾರದು ಎಂದು ನಾವೇ ನಿನ್ನನ್ನು ಬೆಳೆಸಿದ್ದೇವೆ, ಅದು ಮರ್ಯಾದೆ. ಯುರೋಪು, ಅಮೆರಿಕದ ಎಷ್ಟೋ ಕಡೆ ಅದನ್ನೇ ಅಳುಕು ಎಂದೋ ಏನೋ ಮುಚ್ಚಿಡುತ್ತಿದ್ದಾನೆ ಎಂದೋ ತಿಳಿಯುವವರಿದ್ದಾರೆ. ಹಾಗಂತ ಎವೆಯಿಕ್ಕದೆ ನೋಡುತ್ತ ಕೂರಬೇಡ, ಅಲ್ಲಿಯವರೂ ಹಾಗೆ ನೋಡುವುದಿಲ್ಲ. ಉತ್ತರ ಶುರು ಮಾಡುವಾಗ, ಯೋಚಿಸುವಾಗ ಅವರ ಕಣ್ಣೂ ಬೇರೆಡೆ ಹೋಗುತ್ತದೆ. ಮಾತು ಮುಗಿಯುತ್ತ ಬಂದಾಗ ಮಾತ್ರ ಎದುರಿನವರ ಮುಖಕ್ಕೆ ಮರಳುತ್ತದೆ, ‘ನನ್ನದಾಯಿತು, ಇನ್ನು ನಿಮ್ಮದು’ ಎನ್ನುವಂತೆ. ಕೊನೆಯಲ್ಲೂ ನಿನ್ನ ಕಣ್ಣು ಮೇಜಿನ ಮೇಲೇ ಇದ್ದರೆ ಉತ್ತರ ಮುಗಿಯಿತೋ ಇಲ್ಲವೋ ಅವರಿಗೆ ತಿಳಿಯದೆ ಸುಮ್ಮನೆ ಕಾಯುತ್ತಾರೆ. ಆ ಮೌನಕ್ಕೆ ಗಾಬರಿಯಾಗಿ ನೀನು ಹೇಳಿದ್ದನ್ನೇ ಮತ್ತೆ ಹೇಳಲು ತೊಡಗುತ್ತೀಯ, ಒಳ್ಳೆಯ ಉತ್ತರ ಅಲ್ಲೇ ಕೆಡುತ್ತದೆ. ಆದ್ದರಿಂದ ಕೊನೆಯ ವಾಕ್ಯಕ್ಕೆ ಕಣ್ಣೆತ್ತುವ ಅಭ್ಯಾಸ ಮಾಡಿಕೋ. ವಿಡಿಯೊ ಸಂದರ್ಶನದಲ್ಲಾದರೆ ಆ ವಾಕ್ಯವನ್ನು ಕ್ಯಾಮೆರಾ ನೋಡಿಯೇ ಹೇಳು. ಪರದೆಯಲ್ಲಿ ಅವರ ಮುಖ ನೋಡುತ್ತಿದ್ದರೆ ಅವರಿಗೆ ನೀನು ಕೆಳಗೆ ನೋಡಿದಂತೆ ಕಾಣುತ್ತದೆ.

ಇನ್ನು ದನಿ. ಜಾನ್ ಗಂಪರ್ಜ್ ಎಂಬ ಭಾಷಾವಿಜ್ಞಾನಿ ಇದ್ದರು. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವ ಜನರ ಮಾತನ್ನೂ ಅಧ್ಯಯನ ಮಾಡಿದವರು. ಬ್ರಿಟನ್ನಿನ ಒಂದು ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿನ ಪ್ರಸಂಗವನ್ನು ಅವರು 1982ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅಲ್ಲಿ ಹೊಸದಾಗಿ ಸೇರಿದ್ದ ಭಾರತ, ಪಾಕಿಸ್ತಾನದ ಹೆಂಗಸರು ಒರಟು ಎಂಬ ದೂರಿತ್ತು. ಊಟ ಬಡಿಸುವಾಗ ‘ಗ್ರೇವಿ ಬೇಕೇ?’ ಎಂದು ಕೇಳಲು ಎಲ್ಲರೂ ‘ಗ್ರೇವಿ’ ಎಂಬ ಒಂದೇ ಮಾತು ಆಡುತ್ತಿದ್ದರು. ಇಂಗ್ಲಿಷ್ ಹೆಂಗಸರ ದನಿ ಕೊನೆಗೆ ಏರುತ್ತಿತ್ತು, ನಮ್ಮವರ ದನಿ ಇಳಿಯುತ್ತಿತ್ತು. ದನಿ ಏರಿದರೆ ಅಲ್ಲಿಯವರಿಗೆ ಅದು ಉಪಚಾರ. ಇಳಿದರೆ ‘ಇದು ಗ್ರೇವಿ, ಬೇಕಾದರೆ ತಗೋ’ ಎಂದಂತೆ. ನಮ್ಮ ಹೆಂಗಸರಿಗೆ ಪಾಪ, ತಾವು ಮಾಮೂಲಾಗಿ ಕೇಳುತ್ತಿದ್ದೇವೆ ಎಂದೇ ಇತ್ತು, ಜನ ಯಾಕೆ ಮುಖ ಸಿಂಡರಿಸುತ್ತಾರೆ ಎಂದು ನೊಂದುಕೊಂಡಿದ್ದರು. ಧ್ವನಿಮುದ್ರಣ ಕೇಳಿಸಿ ಚರ್ಚೆ ಮಾಡಿದ ಮೇಲೆ ಕಾರಣ ತಿಳಿಯಿತು. ಇವರ ದನಿಯಲ್ಲಿ ಒರಟುತನವಿಲ್ಲ ಎಂದು ಮೇಲ್ವಿಚಾರಕರಿಗೂ ಅರ್ಥವಾಯಿತು. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಅದೇ, ಕಲಿತವರು ಎರಡೂ ಕಡೆಯವರು.

ಸಂದರ್ಶನದ ಕೊನೆಗೆ ‘ನಿಮಗೇನಾದರೂ ಕೇಳುವುದಿದೆಯೇ?’ ಅನ್ನುತ್ತಾರಲ್ಲ, ದನಿಯ ಈ ತೊಂದರೆ ಬರುವುದು ಅಲ್ಲೇ. ‘ಟ್ರೈನಿಂಗ್ ಎಷ್ಟು ದಿನ’ ಎಂದು ಇಳಿದನಿಯಲ್ಲಿ ತುಂಡಾಗಿ ಕೇಳಿದರೆ ವಿಚಾರಣೆಯಂತೆ ಕೇಳಿಸೀತು. ‘ಟ್ರೈನಿಂಗ್ ಬಗ್ಗೆ ಸ್ವಲ್ಪ ಹೇಳುತ್ತೀರಾ?’ ಎಂದು ಪೂರ್ತಿ ವಾಕ್ಯದಲ್ಲಿ ಕೇಳಿದರೆ ದನಿ ಎತ್ತ ಹೋದರೂ ಮಾತು ನಿನ್ನನ್ನು ಕಾಪಾಡುತ್ತದೆ. ಒಂದು ಪ್ರಶ್ನೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೋ.

ಇದನ್ನೆಲ್ಲ ಪರದೇಶದವರೆಲ್ಲರಿಗೂ ಒಂದೇ ಎಂದು ತಿಳಿಯಬೇಡ. ನಾಳೆ ಜಪಾನಿನ ಕಂಪನಿಗೆ ಹೋದರೆ ಹೇಳುವವರೆಗೆ ಕೂರದಿರುವುದು, ಹಿರಿಯರನ್ನು ದಿಟ್ಟಿಸದಿರುವುದು, ಉತ್ತರಕ್ಕೆ ಮುಂಚೆ ತುಸು ಸುಮ್ಮನಿರುವುದು, ನಮ್ಮ ಈ ರೂಢಿಗಳೇ ಕೈಹಿಡಿಯುತ್ತವೆ. ಅಲ್ಲಿ ಆತುರದ ಉತ್ತರವೇ ಅವಸರಗೇಡಿತನ ಅನ್ನಿಸಬಹುದು. ಜರ್ಮನ್ ಕಂಪನಿ ಅಂದಮಾತ್ರಕ್ಕೆ ಎದುರಿಗೆ ಜರ್ಮನರೇ ಇರುತ್ತಾರೆಂದೂ ಇಲ್ಲ, ಧಾರವಾಡದ ಮೇಡಂ ಒಬ್ಬರೇ ಕೂತಿರಬಹುದು. ಅದಕ್ಕೇ ಸಂದರ್ಶನದ ದಿನ ಗೊತ್ತಾದ ಕೂಡಲೇ ಎಚ್‌ಆರ್‌ನವರಿಗೆ ಒಂದು ಮೇಲ್ ಹಾಕಿ, ಯಾರು ಯಾರು ಇರುತ್ತಾರೆ, ಯಾವ ಊರಿನಿಂದ ಮಾತಾಡುತ್ತಾರೆ ಎಂದು ಕೇಳಿಕೋ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.